ಮೈಕ್ರೋಪ್ಲಾಸ್ಟಿಕ್ ಲಿಟರೇಚರ್ ರಿವ್ಯೂ: ಟೇಬಲ್ ಮಾಡಿ ಸರಾಸರಿ ಹಾಕಿದ್ದೇ ತಪ್ಪಾ?

ನೇತ್ರಾವತಿ ದಂಡೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ, ಎರಡನೇ ವರ್ಷ. ಸಿಹಿನೀರಿನ ಮೈಕ್ರೋಪ್ಲಾಸ್ಟಿಕ್ ಬಗ್ಗೆ ರಿವ್ಯೂ ಅಧ್ಯಾಯ ಬರೀಬೇಕು. ಮೂರು ತಿಂಗಳು ಕೂತು ಅರವತ್ತು ಚಿಲ್ಲರೆ ಪೇಪರ್ ಓದಿದೆ. ಎಕ್ಸೆಲ್‌ನಲ್ಲಿ ಊರು, ನದಿ, ಎಷ್ಟು ಕಣ, ಯಾವ ಪಾಲಿಮರ್ ಅಂತ ಕಾಲಂ ಹಾಕಿ ತುಂಬಿಸಿದೆ. ಕೊನೆಗೆ ಎಲ್ಲವನ್ನೂ ಘನ ಮೀಟರ್‌ಗೆ ತಂದು ಸರಾಸರಿ ತೆಗೆದು, "ಭಾರತದ ನದಿಗಳಲ್ಲಿ ಸರಾಸರಿ ಇಷ್ಟು" ಅಂತ ಒಂದು ವಾಕ್ಯ ಬರೆದೆ.

ಗೈಡ್ ಓದಿ, "ಇದು ಪಟ್ಟಿ, ರಿವ್ಯೂ ಅಲ್ಲ. ಈ ಸರಾಸರಿಗೆ ಅರ್ಥ ಇಲ್ಲ. ಹುಡುಕಿದ್ದು ಹೇಗೆ ಅಂತಲೂ ಬರೆದಿಲ್ಲ" ಅಂತ ವಾಪಸ್ ಕಳಿಸಿದ್ರು. ಅರ್ಥ ಯಾಕಿಲ್ಲ ಅಂತ ನನಗೆ ಪೂರ್ತಿ ಹೊಳೀತಿಲ್ಲ. ಪೇಪರ್ ಹುಡುಕೋ ಸ್ಕೋಪಸ್ ಡೇಟಾಬೇಸ್‌ನಲ್ಲಿ ನಾನು ಕೊಟ್ಟಿದ್ದು ಇದು:

```
TITLE-ABS-KEY(microplastic* AND freshwater AND NOT marine)
```

ಸಮುದ್ರದ ಪೇಪರ್ ಬೇಡ ಅಂತ ಕೊನೆಯ ಭಾಗ ಸೇರಿಸಿದ್ದು. ಎಲ್ಲಿಂದ ಸರಿಮಾಡಲಿ?

---

ಮಳೆ ಹುಡುಗ

ಯೂನಿಟ್ ಸರಿ ಮಾಡಿದ್ರೆ ಮುಗೀತು ಅಲ್ವಾ? ಲೀಟರ್‌ನಲ್ಲಿ ಇರೋದನ್ನ ಸಾವಿರದಿಂದ ಗುಣಿಸಿದ್ರೆ ಘನ ಮೀಟರ್. ಆಮೇಲೆ ಸರಾಸರಿ ಬದಲು ಮೆಟಾ ಅನಾಲಿಸಿಸ್ ಅಂತ ಹಾಕಿ, ರ್‍ಯಾಂಡಮ್ ಎಫೆಕ್ಟ್ಸ್ ಮಾಡೆಲ್ ಓಡಿಸಿ. ವ್ಯತ್ಯಾಸ ಎಲ್ಲ ಅದೇ ನೋಡಿಕೊಳ್ಳುತ್ತೆ. ನಾನು ಎಂಎಸ್ಸಿಯಲ್ಲಿ ನೈಟ್ರೇಟ್ ಮೇಲೆ ಹಾಗೇ ಮಾಡಿದ್ದೆ.

---

ಲೈಬ್ರರಿ ಮೂಲೆ

ಸರಾಸರಿ ವಿಷಯ ಆಮೇಲೆ ನೋಡೋಣ. ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡೋನು, ರಿಸರ್ಚ್ ಮಕ್ಕಳ ಸರ್ಚ್ ಸ್ಟ್ರಿಂಗ್ ನೋಡೋದೇ ನನ್ನ ದಿನದ ಕೆಲಸ. ಆ `AND NOT marine` ನೋಡಿ ನಿಮ್ಮ ಮೂರು ತಿಂಗಳು ನೆನೆದು ಬೇಜಾರಾಯ್ತಮ್ಮ.

ಸಿಹಿನೀರಿನ ಪೇಪರ್‌ಗಳ ಸಾರಾಂಶ ಹೇಗೆ ಶುರುವಾಗುತ್ತೆ ಅಂತ ಒಮ್ಮೆ ನೆನಪು ಮಾಡ್ಕೊಳ್ಳಿ. "ಸಮುದ್ರದಲ್ಲಿ ಬೇಕಾದಷ್ಟು ಕೆಲಸ ಆಗಿದೆ, ನದಿಗಳಲ್ಲಿ ಆಗಿಲ್ಲ" ಅಂತ. ಇಲ್ಲಾಂದ್ರೆ "ನದಿಗಳೇ ಸಮುದ್ರಕ್ಕೆ ಪ್ಲಾಸ್ಟಿಕ್ ಹೊತ್ತು ತರುವ ದಾರಿ" ಅಂತ. ಎರಡರಲ್ಲೂ ಮರೀನ್ ಅನ್ನೋ ಪದ ಇದ್ದೇ ಇರುತ್ತೆ. ನಿಮ್ಮ ಸ್ಟ್ರಿಂಗ್ ಅಂಥ ಅಷ್ಟೂ ಪೇಪರನ್ನ ಹೊರಗೆ ಹಾಕಿದೆ. ಸಮುದ್ರ ಸೇರುವ ನದಿ ಮೇಲೆ ಕೆಲಸ ಮಾಡಿದವರೇ ಹೆಚ್ಚು ಹೊರಗೆ ಹೋಗಿರ್ತಾರೆ, ಅಂದ್ರೆ ನಿಮ್ಮ ಕರಾವಳಿಯವರೇ.

ನಂಬಿಕೆ ಬರದಿದ್ರೆ ಹೀಗೆ ಮಾಡಿ. `AND NOT marine` ತೆಗೆದು ಅದೇ ಜಾಗದಲ್ಲಿ `AND marine` ಹಾಕಿ. ಬಂದಿದ್ದರಲ್ಲಿ ಮೊದಲ ಐವತ್ತು ಶೀರ್ಷಿಕೆ ಓದಿ, ನಿಜವಾಗಿ ನದಿ ಕೆರೆಯವು ಎಷ್ಟು ಅಂತ ಎಣಿಸಿ ಇಲ್ಲಿ ಹೇಳಿ.

---

ತುಮಕೂರು ಮನೆ

ಕ್ಷಮಿಸಿ, ನನಗೆ ರಿಸರ್ಚ್ ಗೊತ್ತಿಲ್ಲ. ನಮ್ಮ ಮನೇಲಿ ಇಪ್ಪತ್ತು ಲೀಟರ್ ಕ್ಯಾನ್ ನೀರು ತರಿಸ್ತೀವಿ, ಅದರಲ್ಲೂ ಈ ಕಣ ಇರುತ್ತಾ? ಕುದಿಸಿದ್ರೆ ಹೋಗುತ್ತಾ? ಚಿಕ್ಕ ಮಗು ಇದೆ.

---

ನೇತ್ರಾವತಿ ದಂಡೆ

ಅಕ್ಕ, ಈ ಚರ್ಚೆ ನದಿ ಕೆರೆ ಪೇಪರ್‌ಗಳನ್ನ ಹುಡುಕೋದರ ಬಗ್ಗೆ. ಕುಡಿಯೋ ನೀರಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಇದೆ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ.

ಲೈಬ್ರರಿ ಸರ್, ಮಾಡಿ ನೋಡಿದೆ. ಐವತ್ತರಲ್ಲಿ ಇಪ್ಪತ್ತೊಂದು ಪಕ್ಕಾ ನದಿ ಕೆರೆಯವು. ನೇತ್ರಾವತಿ ನದಿಯ 2020ರ ಪೇಪರ್ ನನಗೆ ಗೈಡ್ ಕೈಯಲ್ಲೇ ಕೊಟ್ಟಿದ್ದರಿಂದ ಟೇಬಲ್‌ನಲ್ಲಿದೆ. ಹಾಗೆ ಯಾರೂ ಕೈಗೆ ಕೊಡದ ಪೇಪರ್ ಎಷ್ಟು ಹೋಯ್ತೋ.

---

ಲೈಬ್ರರಿ ಮೂಲೆ

ಆ ಪೇಪರ್ ಬಂದ ದಾರಿಯೇ ನಿಮಗೆ ಮುಂದಿನ ಕೆಲಸ ಹೇಳುತ್ತೆ. ಸ್ಟ್ರಿಂಗ್ ಬರೆಯೋ ಮೊದಲೇ, ಬೇರೆ ದಾರಿಯಿಂದ ಸಿಕ್ಕ ಹತ್ತು ಹದಿನೈದು ಪೇಪರ್ ಪಟ್ಟಿ ಮಾಡಿಟ್ಟುಕೊಳ್ಳಿ. ಗೈಡ್ ಕೊಟ್ಟದ್ದು, ಹಳೇ ರಿವ್ಯೂಗಳ ಉಲ್ಲೇಖದಲ್ಲಿ ಸಿಕ್ಕಿದ್ದು, ಸಮ್ಮೇಳನದಲ್ಲಿ ಕೇಳಿದ್ದು. ಇವು ಖಂಡಿತ ಒಳಗೆ ಬರಲೇಬೇಕಾದವು. ಸ್ಟ್ರಿಂಗ್ ಓಡಿಸಿದಾಗ ಇವು ಎಲ್ಲಾ ಬಲೆಗೆ ಬೀಳ್ತಾವಾ ನೋಡಿ. ಬೀಳದೆ ಉಳಿದದ್ದನ್ನ ತೆರೆದು, ಶೀರ್ಷಿಕೆ, ಸಾರಾಂಶ, ಕೀವರ್ಡ್ ಮೂರರಲ್ಲಿ ಅವರು ಯಾವ ಪದ ಬಳಸಿದ್ದಾರೆ ಅಂತ ಓದಿ. ಆ ಪದ ಸೇರಿಸಿ ಮತ್ತೆ ಓಡಿಸಿ. ಎಲ್ಲಾ ಬೀಳೋ ತನಕ ಇದೇ ಕೆಲಸ. ಪ್ರತಿ ಸಲದ ಸ್ಟ್ರಿಂಗ್, ದಿನಾಂಕ, ಬಂದ ಸಂಖ್ಯೆ ಬರೆದಿಡಿ, ಗೈಡ್ ಕೇಳಿದ "ಹೇಗೆ ಹುಡುಕಿದೆ" ಅನ್ನೋದಕ್ಕೆ ಅದೇ ಉತ್ತರ.

ಇನ್ನೊಂದು ತಮಾಷೆ ಅನ್ನಿಸಿದರೂ ನಿಜವಾದ ತೊಂದರೆ. `microplastic*` ಅಂತ ಒಂದೇ ಹಾಕಿದ್ರೆ ಲೋಹಶಾಸ್ತ್ರದ ಪೇಪರ್ ಬರ್ತಾವೆ. ಲೋಹ ತೀರಾ ಸ್ವಲ್ಪವೇ ಶಾಶ್ವತವಾಗಿ ರೂಪ ಬದಲಿಸೋದಕ್ಕೆ ಅವರಲ್ಲಿ ಮೈಕ್ರೋಪ್ಲಾಸ್ಟಿಸಿಟಿ ಅಂತಾರೆ, ನಮ್ಮ ಪ್ಲಾಸ್ಟಿಕ್ ಸುದ್ದಿ ಬರೋಕೆ ಎಷ್ಟೋ ವರ್ಷ ಮೊದಲಿನಿಂದ. ಅದನ್ನ ಓಡಿಸೋಕೆ NOT ಬೇಡ. ನದಿ ಕೆರೆಯ ಪದಗಳನ್ನ AND ಮಾಡಿದ್ರೆ ತಾನಾಗಿ ಹೋಗುತ್ತೆ.

---

ಕೆರೆ ಏರಿ

ನಾನು ಕೋಲಾರದೋನು, ಕೆರೆ ಪುನಶ್ಚೇತನದ ಕೆಲಸ ಮಾಡ್ತೀನಿ. ಮೇಡಂ ಸ್ಟ್ರಿಂಗಲ್ಲಿ ಫ್ರೆಶ್‌ವಾಟರ್ ಅಂತ ಒಂದೇ ಇದೆ. ನಮ್ಮ ಕೆರೆಗೆ ಇಂಗ್ಲಿಷ್ ಪೇಪರಲ್ಲಿ ಏನಂತಾರೆ ಗೊತ್ತಾ? ಟ್ಯಾಂಕ್. ಬ್ರಿಟಿಷರ ಕಾಲದ ಗೆಜೆಟಿಯರ್‌ನಿಂದ ಇವತ್ತಿನ ಸಣ್ಣ ನೀರಾವರಿ ಇಲಾಖೆ ಕಡತದ ತನಕ ಟ್ಯಾಂಕ್ ಅಂತಲೇ. ಬೆಂಗಳೂರಿನೋರು ಮಾತ್ರ ಲೇಕ್ ಅಂತಾರೆ. ಕೋಲಾರ, ತುಮಕೂರು, ಆ ಕಡೆ ತಮಿಳುನಾಡಿನ ಕೆರೆಗಳ ಮೇಲೆ ಯಾರಾದ್ರೂ ಬರೆದಿದ್ರೆ ಲೇಕ್ ಅಂತ ಹುಡುಕಿದ್ರೆ ಸಿಗೋದು ಅನುಮಾನ.

---

ನೇತ್ರಾವತಿ ದಂಡೆ

ಇದು ನನಗೆ ಹೊಳೆದೇ ಇರಲಿಲ್ಲ ಸರ್. ಆದ್ರೆ ಟ್ಯಾಂಕ್ ಹಾಕಿದ್ರೆ ಸೆಪ್ಟಿಕ್ ಟ್ಯಾಂಕ್, ಮೀನಿಗೆ ಪ್ಲಾಸ್ಟಿಕ್ ತಿನ್ನಿಸಿ ನೋಡುವ ಗಾಜಿನ ಟ್ಯಾಂಕ್ ಎಲ್ಲಾ ಬರಲ್ವಾ?

---

ಲೈಬ್ರರಿ ಮೂಲೆ

ಬರ್ತಾವೆ, ಬರಲಿ ಬಿಡಿ. ಭಾರತ ಅಂತ ಒಂದು ಗುಂಪು ಪದ ಜೊತೆಗಿದ್ರೆ ಬರೋ ಕಸ ಕಡಿಮೆ, ಶೀರ್ಷಿಕೆ ನೋಡಿಯೇ ತೆಗೆದುಹಾಕಬಹುದು. ಒಂದು ಸಂಜೆಯ ಕೆಲಸ. ಸಿಗದೇ ಹೋದ ಪೇಪರ್ ಸಿಗಲಿಲ್ಲ ಅಂತ ಮಾತ್ರ ನಿಮಗೆ ಯಾವತ್ತೂ ಗೊತ್ತಾಗಲ್ಲ.

ನದಿ ಹೆಸರಿನ ಕಾಗುಣಿತವೂ ನೋಡ್ಕೊಳ್ಳಿ. ಕಾವೇರಿಗೆ ಎರಡು, ಗಂಗೆಗೆ ಎರಡು, ನಿಮ್ಮ ನೇತ್ರಾವತಿಗೆ ಒಬ್ಬೊಬ್ಬರದು ಒಂದೊಂದು.

```
TITLE-ABS-KEY(
 (microplastic* OR "micro-plastic*" OR "plastic particle*"
  OR "plastic debris" OR microfiber* OR microfibre*)
 AND (river* OR lake* OR reservoir* OR wetland* OR tank*
  OR backwater* OR freshwater)
 AND (india* OR karnataka OR kerala OR "tamil nadu" OR ganga
  OR ganges OR kaveri OR cauvery OR netravat* OR nethravat*)
)
```

ಇದು ಶುರು ಮಾಡೋಕೆ ಮಾತ್ರ, ಉಳಿದ ರಾಜ್ಯ, ನದಿ ನೀವೇ ಸೇರಿಸಿ. ವೆಬ್ ಆಫ್ ಸೈನ್ಸ್‌ಗೆ ಹೋದ್ರೆ `TS=` ಅಂತ ಬದಲಿಸಬೇಕು. ಶೋಧಗಂಗಾ ಮರೀಬೇಡಿ, ಪ್ರಕಟವಾಗದ ಥೀಸಿಸ್‌ಗಳು ಅಲ್ಲೇ ಇರೋದು. ಗೂಗಲ್ ಸ್ಕಾಲರ್‌ನಲ್ಲಿ ಎಷ್ಟು ಲಕ್ಷ ಅಂತ ತೋರಿಸಿದ್ರೂ ಅದು ಕೊಡೋದು ಮೊದಲ ಸಾವಿರ ಮಾತ್ರ. ಅದರಲ್ಲಿ ಮೊದಲ ಇನ್ನೂರು ಮುನ್ನೂರು ನೋಡಿ ನಿಲ್ಲಿಸಿ, ಅಷ್ಟೇ ನೋಡಿದೆ ಅಂತ ಬರೆಯಿರಿ.

---

ಪದ ಹುಡುಕ

ನಡುವೆ ಬಾಯಿ ಹಾಕ್ತಿದ್ದೇನೆ. ಕನ್ನಡದಲ್ಲಿ "ಸೂಕ್ಷ್ಮ ಪ್ಲಾಸ್ಟಿಕ್" ಅನ್ನಬಹುದಲ್ವಾ? ಪತ್ರಿಕೆಗಳಲ್ಲಿ ಎರಡೂ ಕಾಣ್ತೀನಿ.

---

ಕೆರೆ ಏರಿ

ನಮ್ಮೂರಲ್ಲಿ ಸೂಕ್ಷ್ಮ ಅಂದ್ರೆ ನಾಜೂಕು ಅಂದ್ಕೋತಾರೆ. ನಾನು ಸಭೆಗಳಲ್ಲಿ "ಪ್ಲಾಸ್ಟಿಕ್ ಪುಡಿ" ಅಂತೀನಿ. ಎಲ್ಲರಿಗೂ ತಿಳಿಯುತ್ತೆ.

---

ಪದ ಹುಡುಕ

ಪುಡಿ ಅಂದ್ರೆ ನೂಲಿನೆಳೆ ಬಿಟ್ಟುಹೋಗುತ್ತಲ್ಲ. ನೀರಲ್ಲಿ ಸಿಗೋದರಲ್ಲಿ ಎಳೆಗಳೂ ಬಹಳ ಅಂತ ಓದಿದ ನೆನಪು.

---

ಡಚ್ಚರ ನಾಡಿಂದ

ಈಗ ಸರಾಸರಿ ವಿಷಯಕ್ಕೆ ಬರ್ತೀನಿ. ನಾನು ಶಿವಮೊಗ್ಗದವನು, ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ಪೋಸ್ಟ್‌ಡಾಕ್, ಇದೇ ಕ್ಷೇತ್ರ. ಮಳೆ ಹುಡುಗ ಅವರು ಹೇಳಿದ ಸಾವಿರದ ಗುಣಾಕಾರ ಲೆಕ್ಕಕ್ಕೆ ಸರಿ, ನೈಟ್ರೇಟ್‌ಗೂ ಸರಿ. ನೈಟ್ರೇಟ್ ಎಲ್ಲಿ ಅಳೆದರೂ ನೈಟ್ರೇಟೇ. ಇಲ್ಲಿ ಏನನ್ನ ಎಣಿಸಿದ್ದೇವೆ ಅನ್ನೋದನ್ನ ಬಲೆಯ ಕಣ್ಣೇ ತೀರ್ಮಾನ ಮಾಡುತ್ತೆ.

ಅಮೆರಿಕದ ಮಹಾಸರೋವರಗಳ 2013ರ ಅಧ್ಯಯನ ತಗೊಳ್ಳಿ. ದೋಣಿ ಹಿಂದೆ 333 ಮೈಕ್ರಾನ್ ಕಣ್ಣಿನ ಮಾಂಟಾ ಬಲೆ ಎಳೆದರು. ಸರಾಸರಿ ಚದರ ಕಿಲೋಮೀಟರ್‌ಗೆ ಸುಮಾರು 43,000 ಕಣ. ಕೇಳೋಕೆ ಭಾರಿ ಸಂಖ್ಯೆ. ಬಲೆಯ ಬಾಯಿ ನೀರಲ್ಲಿ 16 ಸೆಂಟಿಮೀಟರ್ ಮುಳುಗಿತ್ತು ಅಂತ ಇಟ್ಟುಕೊಂಡರೆ ಒಂದು ಚದರ ಕಿಲೋಮೀಟರ್ ಅಂದ್ರೆ 1,60,000 ಘನ ಮೀಟರ್ ನೀರು. ಭಾಗಿಸಿದ್ರೆ ಘನ ಮೀಟರ್‌ಗೆ ಕಾಲು ಕಣದಷ್ಟು.

ಈಗ ಇನ್ನೊಬ್ಬರು ಒಂದು ಲೀಟರ್ ಬಾಟಲಿಯಲ್ಲಿ ಕೆರೆ ನೀರು ತುಂಬಿ, ಕೆಲವೇ ಮೈಕ್ರಾನ್ ರಂಧ್ರದ ಫಿಲ್ಟರ್ ಕಾಗದದಲ್ಲಿ ಸೋಸಿದ್ರು ಅನ್ನಿ. ಮೂರು ಎಳೆ ಸಿಕ್ಕಿತು. ನಿಮ್ಮ ಟೇಬಲ್‌ನಲ್ಲಿ ಅದು ಘನ ಮೀಟರ್‌ಗೆ 3,000. ಹಾಗಂತ ಆ ಕೆರೆ ಆ ಸರೋವರಕ್ಕಿಂತ ಹನ್ನೆರಡು ಸಾವಿರ ಪಟ್ಟು ಕೊಳಕಾ? ಬಲೆಯಿಂದ ತೂರಿ ಹೋಗುವ ಎಳೆಯನ್ನ ಕಾಗದ ಹಿಡಿದಿದೆ. ಜೊತೆಗೆ ಆ ಮೂರರಲ್ಲಿ ಎರಡು ಲ್ಯಾಬ್‌ನಲ್ಲೇ ಬಿದ್ದಿದ್ದರೂ ಸಾವಿರದಿಂದ ಗುಣಿಸಿದಾಗ ಅವೂ 2,000 ಆಗಿಬಿಡ್ತಾವೆ. ಇವೆರಡರ ಸರಾಸರಿ 1,500 ಬರುತ್ತೆ. ಅಂಥ ನೀರು ಎಲ್ಲೂ ಇಲ್ಲ.

ನಿಮ್ಮ ನೇತ್ರಾವತಿ ಪೇಪರನ್ನೇ ನೋಡಿ. ನೀರಲ್ಲಿ ಘನ ಮೀಟರ್‌ಗೆ 288 ಅಂತಿದೆ, ಅಂದ್ರೆ ಲೀಟರ್‌ಗೆ ಕಾಲು ಕಣಕ್ಕಿಂತ ಸ್ವಲ್ಪ ಹೆಚ್ಚು. ಅಂಥ ನದಿಯಲ್ಲಿ ಒಂದು ಲೀಟರ್ ತಗೊಂಡ್ರೆ ಹೆಚ್ಚು ಸಲ ಸೊನ್ನೆಯೇ ಬರುತ್ತೆ. ಕೂಲ್ಮನ್ಸ್ ಮತ್ತಿತರರು 2019ರಲ್ಲಿ ಸಿಹಿನೀರು ಮತ್ತು ಕುಡಿಯುವ ನೀರಿನ 50 ಅಧ್ಯಯನಗಳಿಗೆ ಅಂಕ ಹಾಕಿದಾಗ ಮೇಲ್ಮೈ ನೀರಿಗೆ ಕನಿಷ್ಠ 500 ಲೀಟರ್ ಬೇಕು ಅಂದದ್ದು ಈ ಕಾರಣಕ್ಕೇ.

---

ಮಳೆ ಹುಡುಗ

ಒಪ್ಪಿದೆ ಸರ್, ಬಲೆಯ ಕಣ್ಣಿನ ವಿಷಯ ಗೊತ್ತಿರಲಿಲ್ಲ. ಆದ್ರೆ ಕೆಸರಿಗೆ ಬಲೆ ಇಲ್ವಲ್ಲ. ಕೆಸರಿನ ಪೇಪರ್‌ಗಳನ್ನಾದ್ರೂ ಸೇರಿಸಬಹುದಲ್ವಾ?

---

ಡಚ್ಚರ ನಾಡಿಂದ

ಅಲ್ಲಿ ಬೇರೆ ಗೋಡೆ. ಕೇರಳದ ವೆಂಬನಾಡಿನ 2017ರ ಪೇಪರ್‌ನಲ್ಲಿ ಕೆಸರಿನ ಸಂಖ್ಯೆ ಚದರ ಮೀಟರ್‌ಗೆ ಸುಮಾರು 253. ನೇತ್ರಾವತಿಯದು ಕಿಲೋಗೆ 96. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ಎಷ್ಟು ಆಳಕ್ಕೆ ಕೆಸರು ತೆಗೆದರು, ಅದರಲ್ಲಿ ನೀರೆಷ್ಟು, ಒಣಗಿದ ಮೇಲೆ ತೂಕ ಎಷ್ಟು, ಇಷ್ಟೂ ಗೊತ್ತಿರಬೇಕು. ಮೂಲ ಪೇಪರ್‌ನಲ್ಲಿ ಇಲ್ಲದಿದ್ರೆ ಲೇಖಕರಿಗೆ ಮೇಲ್ ಹಾಕಿ ಕೇಳಿ. ಊಹೆ ಮಾಡಿ ತುಂಬಿಸಬೇಡಿ.

ಕಣ ತೇಲಿಸೋಕೆ ಯಾವ ಉಪ್ಪು ಹಾಕಿದ್ರು ಅನ್ನೋದೂ ಒಂದು ಕಾಲಂ ಆಗಬೇಕು. ಅಡುಗೆ ಉಪ್ಪಿನ ದ್ರಾವಣದ ಸಾಂದ್ರತೆ 1.2. ನೀರಿನ ಬಾಟಲಿಯ ಪ್ಲಾಸ್ಟಿಕ್, ಅದೇ ಪಿಇಟಿ, 1.38. ಅದು ಅಡುಗೆ ಉಪ್ಪಲ್ಲಿ ತೇಲೋದೇ ಇಲ್ಲ, ತಳಕ್ಕೆ ಕೂರುತ್ತೆ. ಝಿಂಕ್ ಕ್ಲೋರೈಡ್ ಬಳಸಿದವರಿಗೆ ಸಿಗುತ್ತೆ. ಹಾಗಾಗಿ "ಈ ಕೆರೆಯಲ್ಲಿ ಪಿಇಟಿ ಇಲ್ಲ" ಅಂತ ಬರೆಯೋ ಮೊದಲು ಉಪ್ಪು ಯಾವುದು ಅಂತ ನೋಡಿ.

---

ಬಿಳಿ ಕೋಟು

ಲ್ಯಾಬ್‌ನಲ್ಲಿ ಬಿದ್ದ ಎಳೆ ವಿಷಯ ಬಂತಲ್ಲ, ನನ್ನದೊಂದು ಹೇಳ್ತೀನಿ. ನಾನು ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಸ್ಯಾಂಪಲ್ ನೋಡ್ತಿದ್ದೆ. ಡಿಸೆಂಬರ್ ತಿಂಗಳು, ಚಳಿ, ಎಲ್ಲರೂ ಸ್ವೆಟರ್. ಮೈಕ್ರೋಸ್ಕೋಪ್ ಕೆಳಗೆ ಸಾಲಾಗಿ ನೀಲಿ ಎಳೆಗಳು. ಹೊಳೆಯ ನೀರು ಅಂದ್ಕೊಂಡೆ. ಆಮೇಲೆ ಬರೀ ಭಟ್ಟಿ ಇಳಿಸಿದ ನೀರನ್ನ ಅದೇ ರೀತಿ ಸೋಸಿ ನೋಡಿದ್ರೆ ಅದರಲ್ಲೂ ಅದೇ ನೀಲಿ. ನನ್ನ ಪಕ್ಕದ ಟೇಬಲ್‌ನವರ ಸ್ವೆಟರ್ ಬಣ್ಣ. ಆ ತಿಂಗಳ ಸ್ಯಾಂಪಲ್ ಎಲ್ಲಾ ಬಿಟ್ಟೆವು. ಅವತ್ತಿನಿಂದ ಹತ್ತಿಯ ಕೋಟು ಇಲ್ಲದೆ ಯಾರನ್ನೂ ಒಳಗೆ ಬಿಡಲ್ಲ.

ಹಾಗಾಗಿ ಪೇಪರ್ ಓದುವಾಗ ಖಾಲಿ ಸ್ಯಾಂಪಲ್ ಇಟ್ಟಿದ್ರಾ, ಅದರಲ್ಲಿ ಎಷ್ಟು ಬಂತು ಅಂತ ಸಂಖ್ಯೆ ಕೊಟ್ಟಿದ್ದಾರಾ ಅಂತ ನೋಡಿ. "ಎಚ್ಚರಿಕೆ ವಹಿಸಲಾಯಿತು" ಅಂತ ಬರೆದಿದ್ರೆ ಅದು ಸಂಖ್ಯೆ ಅಲ್ಲ.

---

ನೇತ್ರಾವತಿ ದಂಡೆ

ಬಿಳಿ ಕೋಟು ಅವರೇ, ಈಗ ನನ್ನ ಎಕ್ಸೆಲ್‌ಗೆ ಹೋಗಿ ಖಾಲಿ ಸ್ಯಾಂಪಲ್ ಅಂತ ಕಾಲಂ ಸೇರಿಸಿ ಹತ್ತು ಪೇಪರ್ ತೆಗೆದು ನೋಡಿದೆ. ಸಂಖ್ಯೆ ಕೊಟ್ಟವರು ಮೂವರು. ಅಂದ್ರೆ ಉಳಿದ ಏಳನ್ನ ಬಿಸಾಕಬೇಕಾ? ಹಾಗೆ ಮಾಡಿದ್ರೆ ಭಾರತದ್ದು ಏನೂ ಉಳಿಯಲ್ಲ. ಸರಾಸರಿ ಹಾಕಬಾರದು ಅಂತ ಈಗ ಅರ್ಥ ಆಯ್ತು. ಆದ್ರೆ ಸರಾಸರಿ ಇಲ್ಲದೆ ಅರವತ್ತು ಪೇಪರ್‌ನಿಂದ ಏನು ಹೇಳಲಿ?

---

ಧಾರವಾಡ ಮಾಸ್ತರ

ನಾ ಸಂಖ್ಯಾಶಾಸ್ತ್ರ ಕಲಸಾಂವ ರೀ, ಪ್ಲಾಸ್ಟಿಕ್ ಬಗ್ಗೆ ಗೊತ್ತಿಲ್ಲ. ಆದ್ರ ಇಂಥಾ ಕಡೆ ನಾವು ಒಂದು ಉಪಾಯ ಮಾಡ್ತೀವಿ. ಪೇಪರ್ ಪೇಪರ್ ನಡುವ ಹೋಲಿಕಿ ಬ್ಯಾಡ. ಪೇಪರ್ ಒಳಗಿನ ಹೋಲಿಕಿ ಮಾಡ್ರಿ.

ಒಬ್ಬರು ಮಳಿಗಾಲಕ್ಕ ಮೊದಲ, ಮಳಿಗಾಲ ಆದಮ್ಯಾಲ ಎರಡೂ ಸರ್ತಿ ಒಂದೇ ಬಲಿ, ಒಂದೇ ಲ್ಯಾಬ್, ಒಂದೇ ಉಪ್ಪು ಬಳಸ್ಯಾರ ಅಂತ ತಿಳೀರಿ. ಮೊದಲ ಘನ ಮೀಟರಿಗೆ 40, ಆಮ್ಯಾಲ 120. ಅನುಪಾತ 3. ಇನ್ನೊಬ್ಬರು ಬಾಟ್ಲಿಯೊಳಗ ತುಂಬಿದ್ರು, ಲೀಟರಿಗೆ 5 ಇದ್ದದ್ದು 10 ಆತು. ಅನುಪಾತ 2. ಯುನಿಟ್ಟೂ ಹೋತು, ಬಲಿ ಕಣ್ಣೂ ಹೋತು. ಉಳದಿದ್ದು "ಮಳಿ ಬಂದ್ರ ಎಷ್ಟು ಪಟ್ಟು" ಅನ್ನೋದೊಂದ.

ಅನುಪಾತ ಹಂಗ ಸರಾಸರಿ ಮಾಡಬಾರದು, ನ್ಯಾಚುರಲ್ ಲಾಗ್ ತಗೋರಿ. ಲಾಗ್ 3 ಅಂದ್ರ 1.10, ಲಾಗ್ 2 ಅಂದ್ರ 0.69. ನಡುವಿಂದು 0.90, ತಿರುಗಿಸಿದ್ರ ಸುಮಾರು 2.45 ಪಟ್ಟು. ಮೂರನೇದವರಿಗೆ ಉಲ್ಟಾ ಬಂದು 60 ಇದ್ದದ್ದು 20 ಆತು ಅನ್ರಿ, ಲಾಗ್ ಮೈನಸ್ 1.10. ಮೂರೂ ಕೂಡಿಸಿದ್ರ 1.26 ಪಟ್ಟಿಗೆ ಇಳೀತದ. ಲಾಗ್ ತಗೊಳ್ಳದ ನೇರ ಸರಾಸರಿ ಮಾಡಿದ್ರ 1.78 ಬರ್ತಿತ್ತು, ಏರಿದ್ದಕ್ಕ ತೂಕ ಜಾಸ್ತಿ, ಇಳಿದದ್ದಕ್ಕ ಕಡಿಮಿ ಆಗ್ತಿತ್ತು.

ಇದು ನಿಮ್ಮ ಪ್ರಶ್ನೀನ ಬದಲ ಮಾಡ್ತದ. "ಎಷ್ಟದ" ಅನ್ನೋದು ಬಿಟ್ಟು "ಯಾತಕ್ಕ ಏರ್ತದ, ಯಾತಕ್ಕ ಇಳೀತದ" ಅಂತ ಕೇಳ್ರಿ.

---

ಡಚ್ಚರ ನಾಡಿಂದ

ಮಾಸ್ತರ್ ಹೇಳಿದ್ದೇ ಸರಿಯಾದ ದಾರಿ, ಮತ್ತು ನಮ್ಮ ನಾಡಿಗೆ ಮಳೆಗಾಲದ ಪ್ರಶ್ನೆ ಚೆನ್ನಾಗಿ ಹೊಂದುತ್ತೆ. ಆದ್ರೆ ನೀರನ್ನೂ ಕೆಸರನ್ನೂ ಒಂದೇ ಲೆಕ್ಕದಲ್ಲಿ ಹಾಕಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ನದಿಗಳ 40 ಜಾಗದಲ್ಲಿ ಪ್ರವಾಹಕ್ಕೆ ಮೊದಲು, ನಂತರ ತಳದ ಕೆಸರು ನೋಡಿದ ಪೇಪರ್ 2018ರಲ್ಲಿ ಬಂತು. ತಳದಲ್ಲಿ ಕೂತಿದ್ದ ಮೈಕ್ರೋಪ್ಲಾಸ್ಟಿಕ್‌ನ ಸುಮಾರು 70 ಶೇಕಡಾ ಪ್ರವಾಹಕ್ಕೆ ಕೊಚ್ಚಿ ಹೋಗಿತ್ತು. ಅದೇ ಹೊತ್ತಲ್ಲಿ ನೀರಲ್ಲಿ ಏರಿರಬೇಕಲ್ವಾ? ಒಂದು ಇಳಿಯೋದು, ಒಂದು ಏರೋದು ಕೂಡಿಸಿದ್ರೆ "ಮಳೆಯಿಂದ ಏನೂ ಬದಲಾಗಲ್ಲ" ಅಂತ ಸುಳ್ಳು ಉತ್ತರ ಬರುತ್ತೆ.

ಬಿಸಾಕೋ ಪ್ರಶ್ನೆಗೆ: ಬಿಸಾಕಬೇಡಿ. ಕೂಲ್ಮನ್ಸ್ ಪಟ್ಟಿಯಲ್ಲಿ ಒಂಬತ್ತು ಅಂಶ ಇವೆ, ಒಂದೊಂದಕ್ಕೆ 0, 1 ಅಥವಾ 2, ಒಟ್ಟು 18. ಆ 50ರಲ್ಲಿ ಒಂಬತ್ತರಲ್ಲೂ ಸೊನ್ನೆ ಇಲ್ಲದೆ ಪಾಸಾದವು ನಾಲ್ಕೇ. ಪಾಸಾದವನ್ನ ಮಾತ್ರ ಇಟ್ಟುಕೊಳ್ಳೋಕೆ ಹೋದ್ರೆ ಎಲ್ಲರಿಗೂ ನಿಮ್ಮದೇ ಕಥೆ. ಎಲ್ಲಾ ಪೇಪರ್‌ಗೂ ಅಂಕ ಹಾಕಿ, ಮೊದಲು ಎಲ್ಲವನ್ನೂ ಸೇರಿಸಿ ಅನುಪಾತ ತೆಗೀರಿ. ಆಮೇಲೆ ಖಾಲಿ ಸ್ಯಾಂಪಲ್‌ಗೆ ಸೊನ್ನೆ ಬಂದವನ್ನ ತೆಗೆದು ಮತ್ತೆ ತೆಗೀರಿ. ಉತ್ತರ ಹೆಚ್ಚು ಅಲುಗಾಡದಿದ್ರೆ ಧೈರ್ಯವಾಗಿ ಬರೀಬಹುದು. ತಲೆಕೆಳಗಾದ್ರೆ ಅದನ್ನೇ ಬರೀರಿ, ಅದೂ ಫಲಿತಾಂಶವೇ.

---

ಬಿಳಿ ಕೋಟು

ಒಂದು ಆಕ್ಷೇಪ ಇದೆ ಮಾಸ್ತರೇ. "ಬಲಿ ಕಣ್ಣೂ ಹೋತು" ಅಂದ್ರಲ್ಲ, ಪೂರ್ತಿ ಹೋಗಲ್ಲ. ಮಳೆಗಾಲದಲ್ಲಿ ಹೊಳೆಯಲ್ಲಿ ಬಲೆ ಎಳೆದವರಿಗೆ ಗೊತ್ತು. ಹತ್ತು ನಿಮಿಷಕ್ಕೆ ಕೆಂಪು ಮಣ್ಣು, ಎಲೆ, ನಾರು ಅಂಟಿಕೊಂಡು ಬಲೆ ಕಟ್ಟಿಕೊಳ್ಳುತ್ತೆ. ನೀರು ಒಳಗೆ ಹೋಗದೆ ಬಾಯಿಂದ ಪಕ್ಕಕ್ಕೆ ಸರಿದು ಹೋಗುತ್ತೆ. ಬಾಯಲ್ಲಿ ಫ್ಲೋಮೀಟರ್ ಕಟ್ಟಿದ್ರೆ ಅದು ನಿಧಾನ ಆಗಿದ್ದು ಗೊತ್ತಾಗುತ್ತೆ. ಕಟ್ಟದೆ, ದೋಣಿ ಹೋದ ದೂರವನ್ನ ಬಾಯಿಯ ಅಳತೆಗೆ ಗುಣಿಸಿ ನೀರಿನ ಲೆಕ್ಕ ಹಾಕಿದವರ ಮಳೆಗಾಲದ ಸಂಖ್ಯೆ ನಿಜಕ್ಕಿಂತ ಕಡಿಮೆ ಬರುತ್ತೆ. ಆಗ ಏರಿದ್ದೂ ಇಳಿದಂಗೆ ಕಾಣುತ್ತೆ.

---

ಧಾರವಾಡ ಮಾಸ್ತರ

ಛಲೋ ಮಾತು. ನಾ ಹೊಳಿಗೆ ಇಳದಾಂವ ಅಲ್ಲ, ಇದು ಗೊತ್ತಿರಲಿಲ್ಲ. ಹಂಗಾರ ಫ್ಲೋಮೀಟರ್ ಇದ್ದವರದು ಒಂದು ಗುಂಪು, ಇಲ್ಲದವರದು ಒಂದು ಗುಂಪು ಮಾಡಿ ಬ್ಯಾರೆ ಬ್ಯಾರೆ ನೋಡ್ರಿ. ಇಳಿದದ್ದೆಲ್ಲಾ ಎರಡನೇ ಗುಂಪಿನಾಗ ಬಿದ್ದಿದ್ರ ಅನುಮಾನ ಪಡ್ರಿ. ಮತ್ತ ಒಂದ ನದ್ಯಾಗ ಒಂದ ದಿವಸ ಹತ್ತು ಜಾಗದಾಗ ತಗೊಂಡದ್ದನ್ನ ಹತ್ತು ಅಧ್ಯಯನ ಅಂತ ಎಣಸಬ್ಯಾಡ್ರಿ. ಅದು ಒಂದ.

---

ಮಳೆ ಹುಡುಗ

ಬಲೆ ಕಣ್ಣು ಬೇರೆ ಬೇರೆ ಇದ್ರೆ ಅದನ್ನ ಸರಿಪಡಿಸೋ ಫಾರ್ಮುಲಾ ಇದೆ ಅಂತ ಓದಿದ್ದೆ. ಸಣ್ಣ ಕಣ ಜಾಸ್ತಿ, ದೊಡ್ಡವು ಕಡಿಮೆ, ಅದಕ್ಕೊಂದು ಪವರ್ ಲಾ ಇದೆ. ಅದನ್ನ ಹಾಕಿದ್ರೆ 300 ಮೈಕ್ರಾನ್ ಬಲೆಯ ಸಂಖ್ಯೆಯನ್ನ 20 ಮೈಕ್ರಾನ್‌ಗೆ ತರಬಹುದು. ಆಗ ನನ್ನ ಮೆಟಾ ಅನಾಲಿಸಿಸ್ ನಡೆಯುತ್ತೆ ಅಲ್ವಾ?

---

ಡಚ್ಚರ ನಾಡಿಂದ

ಇದೆ, ಚೆನ್ನಾಗಿ ಓದಿದ್ದೀರಿ. ನಮ್ಮ ಕ್ಷೇತ್ರದಲ್ಲಿ ಇದು ಬಹಳ ಬಳಕೆಯಲ್ಲಿದೆ, ನಾನೂ ಬಳಸಿದ್ದೇನೆ. ಕೈಯಾರೆ ಲೆಕ್ಕ ಮಾಡಿ ನೋಡೋಣ, ಮೇಲಿನ ಮಿತಿ 5 ಮಿಲಿಮೀಟರ್. ಬಲೆಯ ಸಂಖ್ಯೆಯನ್ನ ಗುಣಿಸಬೇಕಾದ ಗುಣಾಂಕ `CF`, ಪವರ್ ಲಾದ ಘಾತ `a`.

```
CF = (5000^(1-a) - 20^(1-a)) / (5000^(1-a) - 300^(1-a))
```

2019ರಲ್ಲಿ ಮೊದಲು ಬಂದ ಘಾತ 1.6. ಅದನ್ನ `a` ಜಾಗಕ್ಕೆ ಹಾಕಿದ್ರೆ ಉತ್ತರ ಸುಮಾರು 6. ಬಲೆಯಲ್ಲಿ 10 ಸಿಕ್ಕಿದ್ರೆ ನಿಜಕ್ಕೆ 60 ಅಂತ. 2021ರಲ್ಲಿ ಸಿಹಿನೀರಿನ ಮೇಲ್ಮೈಗೇ ಅಂತ ಬೇರೆ ಘಾತ ಬಂತು, 2.64. ಅದನ್ನ ಹಾಕಿದ್ರೆ ಸುಮಾರು 86. ಅದೇ 10 ಈಗ 860.

ನನ್ನ ಅಭಿಪ್ರಾಯದಲ್ಲಿ ಸಿಹಿನೀರಿಗೆ ಅಂತಲೇ ತೆಗೆದ ಘಾತ ಬಳಸೋದು ನ್ಯಾಯ. ಎರಡೂ ಹಾಕಿ ಎರಡು ಉತ್ತರ ತೋರಿಸಿ.

---

ಧಾರವಾಡ ಮಾಸ್ತರ

ಘಾತ ಒಂದು ಬದಲ ಮಾಡಿದ್ರ ಉತ್ತರ ಹದಿನಾಲ್ಕು ಪಟ್ಟು ಹಾರ್ತದ ಅಂದ್ರ, ನಿಮಗ ಸಿಗೋದು ಡೇಟಾ ಅಲ್ಲ ರೀ, ಘಾತದ ನೆರಳು. ಒಂದೊಂದು ಹೊಳಿಗೂ ಒಂದ ಘಾತ ಅಂತ ಯಾರ ಹೇಳ್ಯಾರ? ಮಳಿಗಾಲದಾಗ ಸಣ್ಣದು ದೊಡ್ಡದರ ಪ್ರಮಾಣ ಬದಲ ಆಗಂಗಿಲ್ಲೇನು? ನಾ ಅಂತೂ ಇದನ್ನ ಹಾಕಬ್ಯಾಡ್ರಿ ಅಂತೀನಿ.

---

ಡಚ್ಚರ ನಾಡಿಂದ

ಹಾಕದಿದ್ರೂ ಒಂದು ಊಹೆ ಹಾಕಿದ ಹಾಗೇ ಮಾಸ್ತರೇ. ಏನೂ ಸರಿಪಡಿಸದೆ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಓದುವವರು ಗುಣಾಂಕ 1 ಅಂತ ತಿಳ್ಕೊಳ್ತಾರೆ, ಅದು ಖಂಡಿತ ತಪ್ಪು. ಘಾತ ನದಿಯಿಂದ ನದಿಗೆ ಬದಲಾಗುತ್ತೆ ಅನ್ನೋದನ್ನ ಒಪ್ತೀನಿ. ಪೇಪರ್‌ನಲ್ಲಿ ಕಣಗಳ ಗಾತ್ರದ ಹಂಚಿಕೆ ಕೊಟ್ಟಿದ್ರೆ ಆ ನದಿಯ ಘಾತವನ್ನ ಅಲ್ಲಿಂದಲೇ ತೆಗೀಬಹುದು. ಕೊಡುವವರು ಕಡಿಮೆ.

---

ಧಾರವಾಡ ಮಾಸ್ತರ

ಪಕ್ಕಪಕ್ಕ ಇಡಬ್ಯಾಡ್ರಿ ಅಂತನೇ ನಾ ಅಂದದ್ದು. ಇರಲಿ, ಇದ್ರಾಗ ನಾವಿಬ್ರೂ ಒಂದ ಆಗಂಗ ಕಾಣಂಗಿಲ್ಲ.

---

ಕೆರೆ ಏರಿ

ಒಂದು ಕೇಳಬೇಕು. ಇಷ್ಟೆಲ್ಲಾ ಮಳೆಗಾಲ ಹೊಳೆ ಅಂತಿದ್ದೀರಿ. ನಮ್ಮ ಕೆರೆ ಹರಿಯಲ್ಲ. ಕೋಡಿ ಬೀಳದ ವರ್ಷ ಬಂದಿದ್ದೆಲ್ಲಾ ಒಳಗೇ ಕೂರುತ್ತೆ. ಹೊಳೆ ಲೆಕ್ಕದಲ್ಲಿ ಕೆರೇನೂ ಸೇರಿಸಿದ್ರೆ ತಪ್ಪಾಗಲ್ವಾ?

---

ಡಚ್ಚರ ನಾಡಿಂದ

ಆಗುತ್ತೆ. ಹರಿಯೋದು ಒಂದು ಗುಂಪು, ನಿಲ್ಲೋದು ಒಂದು ಗುಂಪು. ಕೋಡಿ ಬಿತ್ತಾ ಇಲ್ವಾ ಅನ್ನೋದು ಪೇಪರ್‌ಗಳಲ್ಲಿ ನಾನು ನೋಡಿದ ನೆನಪಿಲ್ಲ. ಅದು ನಿಮ್ಮಂಥವರಿಂದ ಬರಬೇಕಾದ ಕಾಲಂ.

---

ಮಳೆ ಹುಡುಗ

ಸ್ಟ್ರಿಂಗ್‌ಗೆ ಮಾನ್ಸೂನ್, ಸೀಸನ್ ಅಂತ ಇನ್ನೊಂದು AND ಸೇರಿಸಿಬಿಡಿ ಹಾಗಾದ್ರೆ. ಪೇಪರ್ ಕಮ್ಮಿ ಬರುತ್ತೆ.

---

ಲೈಬ್ರರಿ ಮೂಲೆ

ಬೇಡಪ್ಪ. ಎರಡು ಕಾಲದಲ್ಲಿ ಸ್ಯಾಂಪಲ್ ತಗೊಂಡೂ ಸಾರಾಂಶದಲ್ಲಿ ಅದನ್ನ ಹೇಳದವರು ಬೇಕಾದಷ್ಟು. ವ್ಯತ್ಯಾಸ ಕಾಣದಿದ್ರೆ ಸಾರಾಂಶಕ್ಕೆ ತರೋದೇ ಇಲ್ಲ. ಆ AND ಹಾಕಿದ್ರೆ ವ್ಯತ್ಯಾಸ ಕಂಡವರದ್ದು ಮಾತ್ರ ನಿಮಗೆ ಸಿಕ್ಕಿ, ಮಳೆಯ ಪರಿಣಾಮ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಪೂರ್ತಿ ಪೇಪರ್ ತೆರೆದು ಸ್ಯಾಂಪಲ್ ತಗೊಂಡ ದಿನಾಂಕ ನೋಡಿಯೇ ಆರಿಸಬೇಕು. ಕೆಲಸ ಹೆಚ್ಚು, ಬೇರೆ ದಾರಿ ಇಲ್ಲ.

---

ನೇತ್ರಾವತಿ ದಂಡೆ

ಒಂದು ವಾರ ಆಯ್ತು, ಆದದ್ದು ಹೇಳ್ತೀನಿ.

ಬರಲೇಬೇಕಾದ ಹನ್ನೆರಡು ಪೇಪರ್ ಪಟ್ಟಿ ಮಾಡಿದೆ. ನನ್ನ ಹಳೇ ಸ್ಟ್ರಿಂಗ್‌ಗೆ ಬಿದ್ದದ್ದು ಐದು. ಲೈಬ್ರರಿ ಸರ್ ಕೊಟ್ಟದ್ದಕ್ಕೆ ಹತ್ತು. ಉಳಿದ ಎರಡರಲ್ಲಿ ಒಂದು ಬರೀ ಊರಿನ ಹೆಸರು ಹಾಕಿತ್ತು, ರಾಜ್ಯವೂ ಇಲ್ಲ, ದೇಶವೂ ಇಲ್ಲ. ಇನ್ನೊಂದು "ಪ್ಲಾಸ್ಟಿಕ್ ಲಿಟರ್" ಅಂತ ಬರೆದಿತ್ತು, ಒಳಗೆ ನೋಡಿದ್ರೆ 5 ಮಿಲಿಮೀಟರ್‌ಗಿಂತ ಸಣ್ಣವನ್ನೇ ಎಣಿಸಿದ್ದಾರೆ. `"plastic litter"` ಸೇರಿಸಿದೆ, ಹನ್ನೊಂದಾಯ್ತು. ಊರಿನ ಹೆಸರಿನದು ಸ್ಟ್ರಿಂಗ್‌ಗೆ ಸಿಗಲ್ಲ ಅಂತ ಒಪ್ಪಿಕೊಂಡು, ಉಲ್ಲೇಖಗಳ ಬೆನ್ನು ಹತ್ತಿ ಹುಡುಕುವ ಒಂದು ಸುತ್ತು ಬೇರೆಯಾಗಿ ಇಟ್ಟಿದ್ದೇನೆ. ಗೆಳತಿಯೊಬ್ಬಳು ಶೀರ್ಷಿಕೆ ಆರಿಸೋದರಲ್ಲಿ ಜೊತೆಯಾಗಿದ್ದಾಳೆ. ಮೊದಲ ನೂರರಲ್ಲಿ ಹದಿನಾಲ್ಕಕ್ಕೆ ನಮ್ಮಿಬ್ಬರಿಗೂ ಜಗಳ, ಬಹುಪಾಲು ನದೀಮುಖದ್ದು. ಉಪ್ಪು ನೀರು ಎಲ್ಲಿಂದ ಶುರು ಅಂತ ನಾನು ನಿಯಮ ಬರೆದಿರಲಿಲ್ಲ.

ಗೈಡ್‌ಗೆ ಹೊಸ ಪ್ರಶ್ನೆ ತೋರಿಸಿದೆ: ಒಂದೇ ವಿಧಾನದಲ್ಲಿ ಮಳೆಗಾಲದ ಮೊದಲು ಮತ್ತು ನಂತರ ನೋಡಿದ ಅಧ್ಯಯನಗಳಲ್ಲಿ ಹರಿಯುವ ನೀರು, ನಿಂತ ನೀರು, ಕೆಸರು, ಮೂರರಲ್ಲಿ ಅನುಪಾತ ಎಷ್ಟು. ಅವರು ಓದಿ, ಫ್ಲೋಮೀಟರ್ ಅಂತ ಯಾಕೆ ಕಾಲಂ ಇದೆ ಅಂತ ಕೇಳಿದ್ರು. ಬಲೆ ಕಟ್ಟಿಕೊಳ್ಳೋ ವಿಷಯ ಹೇಳಿದೆ. ತಲೆ ಆಡಿಸಿ, ತಮ್ಮದೇ ಹಳೇ ಪೇಪರ್ ಒಂದನ್ನ ತೆಗೆದು ಅದರಲ್ಲಿ ಫ್ಲೋಮೀಟರ್ ಇತ್ತಾ ಅಂತ ನೋಡೋಕೆ ಕೂತರು.

ಒಂದು ಉಳಿದಿದೆ. ಮಳೆಗಾಲಕ್ಕೆ ಮೊದಲು ಸೊನ್ನೆ ಕಣ ಸಿಕ್ಕಿದ ಎರಡು ಪೇಪರ್ ಇವೆ. ಸೊನ್ನೆಯಿಂದ ಭಾಗಿಸೋಕೆ ಆಗಲ್ಲ. ಮಾಸ್ತರೇ, ಏನು ಮಾಡ್ಲಿ?

---

ಧಾರವಾಡ ಮಾಸ್ತರ

ಮೊದಲ ಅವರು ಎಷ್ಟು ಲೀಟರ್ ಸೋಸಿದ್ರು ಅಂತ ನೋಡ್ರಿ. ಒಂದೆರಡು ಲೀಟರ್ ಇದ್ರ ಆ ಸೊನ್ನಿಗೆ "ಇಲ್ಲ" ಅಂತ ಅರ್ಥ ಅಲ್ಲ, "ಸಿಗಲಿಲ್ಲ" ಅಂತ ಅರ್ಥ. ಅರ್ಧ ಕಣ ಕೂಡಿಸಿ ಲಾಗ್ ತಗೊಳ್ಳೋ ರೂಢಿ ಅದ, ಆದ್ರ ಅಷ್ಟು ಸಣ್ಣ ಸ್ಯಾಂಪಲ್‌ಗೆ ಆ ಅರ್ಧನ ಉತ್ತರ ಆಗಿಬಿಡ್ತದ. ಲೀಟರ್ ಎಷ್ಟು ಅಂತ ಬರೀರಿ, ಆಮ್ಯಾಲ ಹೇಳ್ತೀನಿ.

---

ನೇತ್ರಾವತಿ ದಂಡೆ

ಒಂದರಲ್ಲಿ 2 ಲೀಟರ್. ಇನ್ನೊಂದರಲ್ಲಿ ಬರೆದೇ ಇಲ್ಲ. ಲೇಖಕರಿಗೆ ಈಗಷ್ಟೇ ಮೇಲ್ ಹಾಕಿದೆ.